ಫ್ಯಾನು ನಿಲ್ಲುವ ಮುಂಚೆ ಎಷ್ಟು ಸುತ್ತು?



ನಮ್ಮ ಹತ್ತನೇ ತರಗತಿ ಕೋಣೆಯಲ್ಲಿ ಎರಡು ಫ್ಯಾನುಗಳಿವೆಯಷ್ಟೆ. ಒಂದು ಬಾಗಿಲ ಕಡೆ, ಇನ್ನೊಂದು ಬೋರ್ಡಿನ ಕಡೆ. ಬಾಗಿಲ ಕಡೆಯದು ಚೆನ್ನಾಗಿ ತಿರುಗುತ್ತದೆ. ಬೋರ್ಡಿನ ಕಡೆಯದು ರೆಗ್ಯುಲೇಟರನ್ನು ಪೂರ್ತಿ ತಿರುಗಿಸಿದರೂ ಸೋಮಾರಿಯಂತೆ ಸುತ್ತುತ್ತಿತ್ತು. 'ಬೇರಿಂಗ್ ಹೋಗದೆ, ಬಿಚ್ಚಿ ಗುಂಡ್ಲುಪೇಟೆಗೆ ತಕ್ಕೊಂಡೋಗಬೇಕು' ಎಂದು ಎಲ್ಲರೂ ಹೇಳುತ್ತಿದ್ದರು. ಬೇಸಿಗೆ ಶುರುವಾಗಿತ್ತು, ಪರೀಕ್ಷೆಯೂ ಹತ್ತಿರ ಬಂದಿತ್ತು. ಫ್ಯಾನನ್ನು ಬಿಚ್ಚಿಕೊಂಡು ಹೋದರೆ ಅದು ಯಾವಾಗ ವಾಪಸ್ಸು ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಬಿಚ್ಚುವ ಮುಂಚೆಯೇ, ಅದು ನಿಲ್ಲುವ ರೀತಿ ನೋಡಿ ಕಾಯಿಲೆ ಏನೆಂದು ತಿಳಿಯಬಹುದೇ ಎಂಬ ಪ್ರಶ್ನೆ ನನ್ನ ತಲೆಗೆ ಬಂತು. ಅದಕ್ಕೆ ಮೊದಲು ಒಳ್ಳೆಯ ಫ್ಯಾನು ಹೇಗೆ ನಿಲ್ಲುತ್ತದೆ ಎಂಬುದು ಗೊತ್ತಾಗಬೇಕಲ್ಲ! ಈ ಲೇಖನ ಅದರ ಕತೆ.

ಒಂಬತ್ತನೇ ತರಗತಿಯಲ್ಲಿ ಚಲನೆಯ ಮೂರು ಸಮೀಕರಣಗಳನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಬಸ್ಸು ಬ್ರೇಕ್ ಹಾಕಿದರೆ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂಬ ಲೆಕ್ಕ ಮಾಡುವುದು ಅವುಗಳಿಂದಲೇ. ಪಿಯುಸಿ ಓದುವ ನಮ್ಮಕ್ಕ ತನ್ನ ಪುಸ್ತಕ ತೋರಿಸಿ, 'ಸುತ್ತುವ ವಸ್ತುವಿಗೂ ಅವೇ ಮೂರು ಕಣೋ, ಅಕ್ಷರ ಬೇರೆ ಅಷ್ಟೆ' ಎಂದಳು. ದೂರದ ಬದಲು ಎಷ್ಟು ಕೋನ ತಿರುಗಿತು ಎಂದು ನೋಡುತ್ತೇವೆ. ಅದು ಕೋನೀಯ ಸ್ಥಾನಪಲ್ಲಟ, ಗುರುತು θ. ವೇಗದ ಬದಲು ಕೋನೀಯ ವೇಗ, ಗುರುತು ω. ಆ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಬದಲಾಗುತ್ತದೆ ಎಂಬುದು ಕೋನೀಯ ವೇಗೋತ್ಕರ್ಷ, ಗುರುತು α. ಮೊದಲಿನ ವೇಗವನ್ನು ω₀ ಎಂದು ಬರೆದರೆ ಸಮೀಕರಣಗಳು ಹೀಗಿವೆ:

ω = ω₀ + αt
θ = ω₀t + ½αt²
ω² = ω₀² + 2αθ

ಇಲ್ಲಿ ಒಂದು ಮಾತು ಗಮನಿಸಿ. ವೃತ್ತದ ಹಾದಿಯಲ್ಲಿ ಒಂದು ಸುತ್ತು ಓಡಿ ಹೊರಟ ಜಾಗಕ್ಕೇ ಬಂದರೆ ಸ್ಥಾನಪಲ್ಲಟ ಸೊನ್ನೆ ಎಂದು ಕಲಿತಿದ್ದೇವೆ. ಇಲ್ಲಿ ಹಾಗಲ್ಲ. ಫ್ಯಾನಿನ ರೆಕ್ಕೆ ಒಂದು ಸುತ್ತು ಬಂದರೆ θ ಎಂಬುದು 360 ಡಿಗ್ರಿ, ಎರಡು ಸುತ್ತಿಗೆ 720 ಡಿಗ್ರಿ. ಸುತ್ತುಗಳು ಸೇರುತ್ತಾ ಹೋಗುತ್ತವೆ, ಅಳಿಸಿಹೋಗುವುದಿಲ್ಲ. ಪುಸ್ತಕದಲ್ಲಿ ಕೋನವನ್ನು ರೇಡಿಯನ್ನಿನಲ್ಲಿ ಬರೆಯುತ್ತಾರೆ. ಒಂದು ಸುತ್ತು ಎಂದರೆ 2π, ಅಂದರೆ ಸುಮಾರು 6.28 ರೇಡಿಯನ್. ರೆಕ್ಕೆಯ ತುದಿಯ ವೇಗ ಬೇಕಾದಾಗ ರೇಡಿಯನ್ ತುಂಬ ಅನುಕೂಲ. ಆದರೆ ಎಣಿಸುವುದಕ್ಕೆ ಸುತ್ತೇ ಸುಲಭ. ಮೂರೂ ಸಮೀಕರಣಗಳು ಸುತ್ತಿನಲ್ಲಿಯೂ ಸರಿಯಾಗಿ ನಡೆಯುತ್ತವೆ, θ, ω, α ಮೂರನ್ನೂ ಸುತ್ತಿನಲ್ಲೇ ಇಟ್ಟುಕೊಳ್ಳಬೇಕು ಅಷ್ಟೆ. ಆದ್ದರಿಂದ ನಾನು ಸುತ್ತಿನಲ್ಲೇ ಬರೆಯುತ್ತೇನೆ.

ಮೊದಲು ಬಾಗಿಲ ಕಡೆಯ ಫ್ಯಾನು. ಅದು ಪೂರ್ತಿ ವೇಗದಲ್ಲಿ ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. (ಇದನ್ನು ಹೇಗೆ ಅಳೆದೆವೆಂದು ಮುಂದೆ ಹೇಳುತ್ತೇನೆ.) ಸ್ವಿಚ್ ಆಫ್ ಮಾಡಿ ಗಡಿಯಾರ ನೋಡಿದೆವು. ಪೂರ್ತಿ ನಿಲ್ಲಲು 46 ಸೆಕೆಂಡು ಹಿಡಿಯಿತು. ನಮ್ಮ ಬೆಂಚಿನಲ್ಲಿ ಲೆಕ್ಕದಲ್ಲಿ ಮುಂದಿರುವ ಗೆಳೆಯ ಕೂಡಲೇ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದ. ಕೊನೆಯ ವೇಗ ಸೊನ್ನೆ, ಆದ್ದರಿಂದ

0 = 5 + α × 46
α = −5/46 = −0.109

ಅಂದರೆ ಪ್ರತಿ ಸೆಕೆಂಡಿಗೆ ವೇಗ 0.109 ಸುತ್ತಿನಷ್ಟು ತಗ್ಗುತ್ತದೆ. ಋಣ ಚಿಹ್ನೆ ಇರುವುದು ತಗ್ಗುವುದನ್ನು ತೋರಿಸಲು. ಇದನ್ನು ಎರಡನೇ ಸಮೀಕರಣಕ್ಕೆ ಹಾಕಿದರೆ

θ = 5 × 46 − ½ × 0.109 × 46 × 46
θ = 230 − 115 = 115 ಸುತ್ತು

ಇದನ್ನೇ ಸೂತ್ರವಿಲ್ಲದೆಯೂ ಹೇಳಬಹುದು. ವೇಗ 5ರಿಂದ 0ಗೆ ಒಂದೇ ಸಮನೆ ಇಳಿದರೆ ಸರಾಸರಿ ವೇಗ 2½. ಅದನ್ನು 46ರಿಂದ ಗುಣಿಸಿದರೆ 115. ಸಮಯ-ವೇಗದ ನಕ್ಷೆ ಬರೆದರೆ ಅದೊಂದು ತ್ರಿಭುಜವಾಗುತ್ತದೆ, ಆ ತ್ರಿಭುಜದ ವಿಸ್ತೀರ್ಣವೇ ಸುತ್ತುಗಳ ಸಂಖ್ಯೆ.

ಇಷ್ಟು ಆದಮೇಲೆ ನಿಜವಾಗಿಯೂ ಎಣಿಸಿ ನೋಡೋಣ ಎಂದೆವು. ಸೆಕೆಂಡಿಗೆ 5 ಸುತ್ತನ್ನು ಕಣ್ಣಿನಿಂದ ಎಣಿಸಲು ಯಾರಿಂದಲೂ ಆಗದು. ವಿಜ್ಞಾನದ ಮೇಷ್ಟ್ರನ್ನು ಕೇಳಿದೆವು. ಅವರು ತಮ್ಮ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಟ್ಟರು. ಆ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರಗಳು ಬರುತ್ತವೆ, ಒಂದೊಂದೇ ಚಿತ್ರ ನಿಲ್ಲಿಸಿ ನೋಡಬಹುದು. ಆದರೆ ಇಲ್ಲೊಂದು ತೊಡಕು ಇತ್ತು. ಸೆಕೆಂಡಿಗೆ 5 ಸುತ್ತು ಎಂದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ರೆಕ್ಕೆ 60 ಡಿಗ್ರಿ ಸರಿದಿರುತ್ತದೆ. ಮೂರು ರೆಕ್ಕೆಗಳ ನಡುವೆ 120 ಡಿಗ್ರಿ ಅಂತರ. ಹಾಗಾಗಿ ಮುಂದಿನ ಚಿತ್ರದಲ್ಲಿ ಪ್ರತಿ ರೆಕ್ಕೆಯೂ ಹಳೆಯ ಎರಡು ರೆಕ್ಕೆಗಳ ಸರಿ ಮಧ್ಯಕ್ಕೆ ಬಂದು ಕೂರುತ್ತದೆ. ಮೂರೂ ಒಂದೇ ಥರ ಇರುವುದರಿಂದ ಫ್ಯಾನು ಮುಂದಕ್ಕೆ ಹೋಯಿತೋ ಹಿಂದಕ್ಕೆ ಹೋಯಿತೋ ತಿಳಿಯುವುದೇ ಇಲ್ಲ. ಸಿನಿಮಾದಲ್ಲಿ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದೂ ಇದೇ ಕಾರಣಕ್ಕೆ. ಅದಕ್ಕೇ ಮೇಷ್ಟ್ರು ಮೇನ್ ಸ್ವಿಚ್ ತೆಗೆಸಿ, ತಾವೇ ಬೆಂಚಿನ ಮೇಲೆ ಹತ್ತಿ, ಒಂದು ರೆಕ್ಕೆಗೆ ಮಾತ್ರ ಕೆಂಪು ಕಾಗದ ಅಂಟಿಸಿದರು. ಆಮೇಲೆ ಕೆಂಪು ರೆಕ್ಕೆಯನ್ನು ಹಿಡಿದು ಎಣಿಸುವುದು ಸುಲಭವಾಯಿತು. ಪೂರ್ತಿ ವೇಗದಲ್ಲಿ 6 ಚಿತ್ರಕ್ಕೆ ಒಂದು ಸುತ್ತು, 30ನ್ನು 6ರಿಂದ ಭಾಗಿಸಿದರೆ 5. ಸೆಕೆಂಡಿಗೆ 5 ಸುತ್ತು ಎಂದು ನಾನು ಬರೆದದ್ದು ಹೀಗೆ ತಿಳಿದದ್ದು. ಸ್ವಿಚ್ಚಿನ 'ಟಕ್' ಎಂಬ ಸದ್ದು ವಿಡಿಯೋದಲ್ಲಿ ಕೇಳುತ್ತದೆ, ಅಲ್ಲಿಂದ ಲೆಕ್ಕ ಶುರು.

ಮೂವರು ಕುಳಿತು ಎಣಿಸಿದೆವು. ಒಟ್ಟು ಬಂದದ್ದು 55 ಸುತ್ತು. 115 ಅಲ್ಲ, ಅದರ ಅರ್ಧವೂ ಇಲ್ಲ!

ಇನ್ನೊಂದು ಸಲ ಎಣಿಸಿದೆವು. ಆಗಲೂ 55. ಹಿಂದಿನ ಬೆಂಚಿನ ಒಬ್ಬ ನಗುತ್ತಾ, 'ನಾನು ಹೇಳ್ನಿಲ್ವಾ, ಪುಸ್ತಕದ ಲೆಕ್ಕ ಪರೀಕ್ಷೆಗೆ ಮಾತ್ರ ಕಣ್ರಲಾ, ಫ್ಯಾನಿಗಲ್ಲ' ಎಂದ. ಲೆಕ್ಕ ಹಾಕಿದವನಿಗೆ ಸಿಟ್ಟು ಬಂತು. 'ನನ್ನ ಗುಣಾಕಾರದಲ್ಲಿ ತಪ್ಪಿದ್ರೆ ತೋರ್ಸು' ಎಂದ. ಗುಣಾಕಾರದಲ್ಲಿ ತಪ್ಪಿರಲಿಲ್ಲ. ಮೇಷ್ಟ್ರು ಇಬ್ಬರ ಮಾತನ್ನೂ ಕೇಳಿ ಒಂದೇ ಮಾತು ಹೇಳಿದರು: 'ಆ ಸೂತ್ರದ ಮೇಲ್ಗಡೆ ಒಂದು ಸಾಲು ಇದೆಯಲ್ಲ, ಅದನ್ನ ಓದ್ರಪ್ಪ.' ಅಲ್ಲಿ ಬರೆದಿರುವುದು ವೇಗೋತ್ಕರ್ಷ ಸ್ಥಿರವಾಗಿದ್ದಾಗ ಎಂದು. ಫ್ಯಾನಿನಲ್ಲಿ ಅದು ಸ್ಥಿರವಾಗಿದೆಯೇ ಎಂಬುದನ್ನು ನಾವು ಯಾರೂ ಫ್ಯಾನನ್ನೇ ಕೇಳಿರಲಿಲ್ಲ.

ಕೇಳುವುದು ಹೇಗೆ? ಇದಕ್ಕೆ ಒಂದು ಚೆಂದದ ಉಪಾಯವಿದೆ. ವಿಡಿಯೋವನ್ನು ಕೊನೆಯಿಂದ ಹಿಂದಕ್ಕೆ ನೋಡಬೇಕು. ಹಿಂದಕ್ಕೆ ನೋಡಿದರೆ ಫ್ಯಾನು ನಿಂತ ಜಾಗದಿಂದ ಹೊರಟು ವೇಗ ಹೆಚ್ಚಿಸಿಕೊಳ್ಳುತ್ತಾ ಹೋದಂತೆ ಕಾಣುತ್ತದೆ. ಮೊದಲ ವೇಗ ಸೊನ್ನೆಯಾದ್ದರಿಂದ ಸಮೀಕರಣ ತೀರಾ ಸಣ್ಣದಾಗುತ್ತದೆ: θ = ½αt². α ಸ್ಥಿರವಾಗಿದ್ದರೆ ಎರಡರಷ್ಟು ಹೊತ್ತಿಗೆ ನಾಲ್ಕರಷ್ಟು ಸುತ್ತು, ಮೂರರಷ್ಟು ಹೊತ್ತಿಗೆ ಒಂಬತ್ತರಷ್ಟು ಸುತ್ತು. ಆದ್ದರಿಂದ ಸಮಯವನ್ನು ಸಮನಾದ ಭಾಗ ಮಾಡಿದರೆ ಪ್ರತಿ ಭಾಗದ ಸುತ್ತುಗಳು 1, 3, 5, 7 ಎಂಬ ಬೆಸ ಸಂಖ್ಯೆಗಳ ಪ್ರಮಾಣದಲ್ಲಿ ಬರಬೇಕು. ಬೀಳುವ ವಸ್ತುವಿನ ವಿಷಯದಲ್ಲಿ ಇದೇ ಬೆಸ ಸಂಖ್ಯೆಯ ನಿಯಮವನ್ನು ಗೆಲಿಲಿಯೋ 1638ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನಮಗೆ ಬೀಳುವ ಕಲ್ಲು ಬೇಡ, ನಿಲ್ಲುವ ಫ್ಯಾನೇ ಸಾಕು.

ನಾವು ಕೊನೆಯಿಂದ 10 ಸೆಕೆಂಡಿನ ಭಾಗಗಳನ್ನು ಮಾಡಿ ಎಣಿಸಿದೆವು. ಸಿಕ್ಕಿದ್ದು ಇದು:

ಕಟ್ಟಕಡೆಯ 10 ಸೆಕೆಂಡು: 1½ ಸುತ್ತು
ಅದರ ಹಿಂದಿನ 10 ಸೆಕೆಂಡು: 5 ಸುತ್ತು
ಅದರ ಹಿಂದಿನ 10 ಸೆಕೆಂಡು: 9½ ಸುತ್ತು
ಅದರ ಹಿಂದಿನ 10 ಸೆಕೆಂಡು: 18 ಸುತ್ತು
ಸ್ವಿಚ್ ಆಫ್ ಮಾಡಿದ ಮೊದಲ 6 ಸೆಕೆಂಡು: 21 ಸುತ್ತು

ಕಡೆಯದು 1½ ಆದರೆ ಬೆಸ ಸಂಖ್ಯೆಯ ನಿಯಮದಂತೆ ಅದರ ಹಿಂದಿನವು 4½, 7½, 10½ ಆಗಬೇಕು. ನಮಗೆ ಬಂದದ್ದು 5, 9½, 18. ಇದನ್ನು ನಿಧಾನವಾಗಿ ನೋಡಿ. ಕೊನೆಯ 20 ಸೆಕೆಂಡಿನಲ್ಲಿ ನಿಯಮ ಹೆಚ್ಚು ಕಡಿಮೆ ಸರಿಯಾಗಿದೆ, 4½ಕ್ಕೂ 5ಕ್ಕೂ ಅರ್ಧ ಸುತ್ತಿನ ವ್ಯತ್ಯಾಸ. ಹಿಂದೆ ಹಿಂದೆ ಹೋದಂತೆ ವ್ಯತ್ಯಾಸ ಬೆಳೆಯುತ್ತದೆ. ಅಂದರೆ ಪುಸ್ತಕ ಸುಳ್ಳಲ್ಲ. ಫ್ಯಾನಿನ ಕೊನೆಯ ಭಾಗಕ್ಕೆ ಅದು ಸಲ್ಲುತ್ತದೆ, ಮೊದಲ ಭಾಗಕ್ಕೆ ಸಲ್ಲುವುದಿಲ್ಲ.

ಯಾಕೆ ಹೀಗೆ? ಸ್ವಿಚ್ ಆಫ್ ಆದಮೇಲೆ ಮೋಟಾರಿನ ಕೆಲಸ ಮುಗಿಯಿತು. ಆಮೇಲೆ ಫ್ಯಾನನ್ನು ತಡೆಯುವುದು ಮುಖ್ಯವಾಗಿ ಎರಡು. ಒಂದು ಗಾಳಿ, ಇನ್ನೊಂದು ಬೇರಿಂಗಿನ ಉಜ್ಜಾಟ. ಬೇರಿಂಗಿನ ಉಜ್ಜಾಟ ವೇಗ ಹೆಚ್ಚಿರಲಿ ಕಡಿಮೆಯಿರಲಿ ಸುಮಾರಾಗಿ ಒಂದೇ ಸಮ. ಗಾಳಿ ಹಾಗಲ್ಲ. ಅದರ ತಡೆ ವೇಗದ ವರ್ಗದಂತೆ ಏರುತ್ತದೆ. ವೇಗ ಅರ್ಧವಾದರೆ ಗಾಳಿಯ ತಡೆ ಕಾಲು ಭಾಗ, ವೇಗ ಹತ್ತರಲ್ಲೊಂದಾದರೆ ತಡೆ ನೂರರಲ್ಲೊಂದು. ಆಷಾಢದ ಗಾಳಿಗೆ ಎದುರಾಗಿ ಸೈಕಲ್ ತುಳಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಫ್ಯಾನು ಜೋರಾಗಿರುವಾಗ ಗಾಳಿಯೇ ಯಜಮಾನ. ತೀರಾ ನಿಧಾನವಾದಮೇಲೆ ಗಾಳಿ ಬಿಟ್ಟುಕೊಡುತ್ತದೆ, ಬೇರಿಂಗ್ ಮಾತ್ರ ಉಳಿಯುತ್ತದೆ. ಆಗ α ಸ್ಥಿರವಾಗುತ್ತದೆ.

ಇದನ್ನು ಸಂಖ್ಯೆಯಲ್ಲಿ ನೋಡೋಣ. ಕೊನೆಯ 10 ಸೆಕೆಂಡಿಗೆ 1½ ಸುತ್ತು. θ = ½αt² ಎಂಬುದರಿಂದ α = 2 × 1.5 ÷ 100 = 0.03. ಅಂದರೆ ಕೊನೆಯಲ್ಲಿ ವೇಗ ಸೆಕೆಂಡಿಗೆ 0.03 ಸುತ್ತಿನಷ್ಟು ಮಾತ್ರ ತಗ್ಗುತ್ತಿದೆ. ಇನ್ನು ಮೊದಲ ಸೆಕೆಂಡು. ಸ್ವಿಚ್ ಆಫ್ ಮಾಡಿದಾಗ 6 ಚಿತ್ರಕ್ಕೆ ಒಂದು ಸುತ್ತು, ಒಂದು ಸೆಕೆಂಡು ಕಳೆದಮೇಲೆ ಸುಮಾರು 7 ಚಿತ್ರಕ್ಕೆ ಒಂದು ಸುತ್ತು. 30ನ್ನು 7ರಿಂದ ಭಾಗಿಸಿದರೆ 4.3. ಮೊದಲ ಒಂದೇ ಸೆಕೆಂಡಿನಲ್ಲಿ ವೇಗ 0.7 ತಗ್ಗಿದೆ. ಕೊನೆಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು! 46 ಸೆಕೆಂಡಿಗೆ ಹರಡಿ ತೆಗೆದ 0.109 ಎಂಬುದು ಇವೆರಡರ ನಡುವಿನ ಒಂದು ಸರಾಸರಿ. ಫ್ಯಾನು ಒಂದು ಕ್ಷಣ ಮಾತ್ರ ಆ ದರದಲ್ಲಿ ಹಾದುಹೋಗಿರುತ್ತದೆ. ಆರಂಭದಲ್ಲೇ ವೇಗ ಕುಸಿದುಹೋಗುವುದರಿಂದ ಉಳಿದ ಹೊತ್ತೆಲ್ಲ ಫ್ಯಾನು ನಿಧಾನವಾಗಿ ತೂಕಡಿಸುತ್ತದೆ, ಅದಕ್ಕೇ ಸುತ್ತು 115 ಆಗದೆ 55 ಆಯಿತು.

ಗಾಳಿಯೇ ಇಲ್ಲದಿದ್ದರೆ ಏನಾಗುತ್ತಿತ್ತು? ಆಗ ಮೊದಲಿಂದ ಕೊನೆಯವರೆಗೂ α 0.03 ಎಂದುಕೊಳ್ಳಬಹುದು, ಮೂರನೇ ಸಮೀಕರಣ ಧೈರ್ಯವಾಗಿ ಬಳಸಬಹುದು. 0 = 25 − 2 × 0.03 × θ. ಇದರಿಂದ θ ಸುಮಾರು 417 ಸುತ್ತು. ಸಮಯ 5 ÷ 0.03, ಅಂದರೆ 167 ಸೆಕೆಂಡು. ಹತ್ತಿರ ಹತ್ತಿರ ಎರಡೂ ಮುಕ್ಕಾಲು ನಿಮಿಷ ಅದು ತಿರುಗುತ್ತಲೇ ಇರುತ್ತಿತ್ತು. ಆದರೆ ಗಾಳಿಯಿಲ್ಲದ ಕಡೆ ಫ್ಯಾನು ಯಾರಿಗೆ ಬೇಕು ಹೇಳಿ!

ಈಗ ಬೋರ್ಡಿನ ಕಡೆಯ ಸೋಮಾರಿ ಫ್ಯಾನಿಗೆ ಬರೋಣ. ಅದರ ಪೂರ್ತಿ ವೇಗ 10 ಚಿತ್ರಕ್ಕೆ ಒಂದು ಸುತ್ತು, ಅಂದರೆ ಸೆಕೆಂಡಿಗೆ 3 ಸುತ್ತು ಮಾತ್ರ. ಆಫ್ ಮಾಡಿದೆವು. ಬೇಗ ನಿಲ್ಲುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. 0.109ರ ದರದಲ್ಲಿ ಲೆಕ್ಕ ಹಾಕಿದರೆ 28 ಸೆಕೆಂಡಿನೊಳಗೆ ನಿಲ್ಲಬೇಕು. ಅದು ತೆಗೆದುಕೊಂಡದ್ದು 42 ಸೆಕೆಂಡು! ಒಳ್ಳೆಯ ಫ್ಯಾನಿಗಿಂತ ಬರೀ 4 ಸೆಕೆಂಡು ಕಡಿಮೆ. ಕಟ್ಟಕಡೆಯ 10 ಸೆಕೆಂಡಿನ ಸುತ್ತು ಎಣಿಸಿದರೆ ಇದರಲ್ಲೂ ಒಂದೂವರೆ.

ಇದರ ಅರ್ಥ ಏನು? ಒಳ್ಳೆಯ ಫ್ಯಾನಿನ ವಿಡಿಯೋ ಮತ್ತೆ ನೋಡಿದೆವು. ಅದು 5 ಸುತ್ತಿನಿಂದ 3 ಸುತ್ತಿಗೆ ಇಳಿಯಲು ತೆಗೆದುಕೊಂಡದ್ದು ಸುಮಾರು 4 ಸೆಕೆಂಡು. ಅಲ್ಲಿಂದ ಮುಂದೆ ಎರಡು ಫ್ಯಾನುಗಳೂ ಅಣ್ಣ ತಮ್ಮಂದಿರಂತೆ ಒಂದೇ ರೀತಿ ನಿಂತಿವೆ. ಹಾಗಾದರೆ ಸೋಮಾರಿ ಫ್ಯಾನಿನ ಬೇರಿಂಗಿಗೆ ಏನೂ ಆಗಿಲ್ಲ. ಬೇರಿಂಗ್ ಒಣಗಿದ್ದರೆ ಕೊನೆಯ α ದೊಡ್ಡದಾಗಬೇಕಿತ್ತು, ಕೊನೆಯ 10 ಸೆಕೆಂಡಿನಲ್ಲಿ ಒಂದೂವರೆ ಬದಲು ನಾಲ್ಕೈದು ಸುತ್ತು ಬಂದು ಥಟ್ಟನೆ ನಿಲ್ಲಬೇಕಿತ್ತು. ತಿರುಗುವಾಗ ವೇಗ ಕಡಿಮೆ, ಬಿಟ್ಟಾಗ ಸರಾಗ ಎಂದರೆ ತಡೆ ಹೆಚ್ಚಾಗಿಲ್ಲ, ನೂಕುವ ಶಕ್ತಿ ಕಡಿಮೆಯಾಗಿದೆ ಎಂದರ್ಥ. ಸೀಲಿಂಗ್ ಫ್ಯಾನಿನ ಮೋಟಾರಿನಲ್ಲಿ ಎರಡು ಸುರುಳಿಗಳಿರುತ್ತವೆ, ಒಂದಕ್ಕೆ ಕರೆಂಟು ಕಂಡೆನ್ಸರಿನ ಮೂಲಕ ಹೋಗುತ್ತದೆ. ಕಂಡೆನ್ಸರ್ ಸೊರಗಿದರೆ ನೂಕುಬಲ ಸೊರಗುತ್ತದೆ. ಕರೆಂಟಿನ ವೋಲ್ಟೇಜು ಕಡಿಮೆ ಇದ್ದರೂ ಹೀಗಾಗಬಹುದು. ಆದರೆ ಅದೇ ಲೈನಿನಲ್ಲಿರುವ ಬಾಗಿಲ ಕಡೆಯ ಫ್ಯಾನು ಚೆನ್ನಾಗಿ ತಿರುಗುತ್ತಿದ್ದುದರಿಂದ ಅದಲ್ಲ ಎಂದು ಗೊತ್ತಾಯಿತು.

ಮೇಷ್ಟ್ರು ಈ ಹಾಳೆಯನ್ನು ಹೆಡ್‌ಮಾಷ್ಟ್ರಿಗೆ ತೋರಿಸಿದರು. ಊರಿನ ಕರೆಂಟ್ ಕೆಲಸದ ಅಣ್ಣ ಬಂದು, ಫ್ಯಾನನ್ನು ಇಳಿಸದೆ, ಮೇಲಿನ ಬಟ್ಟಲು ಸರಿಸಿ ಕಂಡೆನ್ಸರ್ ಮಾತ್ರ ಬದಲಾಯಿಸಿದರು. ಅದೇ ದಿನ ಫ್ಯಾನು 6 ಚಿತ್ರಕ್ಕೆ ಒಂದು ಸುತ್ತು ಬಂತು. 'ಬಿಚ್ಚದೆ ಹೆಂಗೆ ಗೊತ್ತಾಯ್ತುರಪ್ಪ ನಿಮಗೆ?' ಎಂದು ಅವರು ಕೇಳಿದಾಗ, ಪುಸ್ತಕದ ಲೆಕ್ಕ ಪರೀಕ್ಷೆಗೆ ಮಾತ್ರ ಎಂದಿದ್ದ ಹಿಂದಿನ ಬೆಂಚಿನ ಗೆಳೆಯನೇ ಎಲ್ಲರಿಗಿಂತ ಮುಂಚೆ 'ಕೊನೇ ಹತ್ತು ಸೆಕೆಂಡು ಎಣಿಸ್ದೋ ಅಣ್ಣ' ಎಂದ!

ನೀವೂ ಮನೆಯಲ್ಲಿ ಎಣಿಸುವುದಾದರೆ ಎರಡು ಎಚ್ಚರಿಕೆ. ಕಿಟಕಿ ಬಾಗಿಲು ಮುಚ್ಚಿ ಎಣಿಸಿ. ನಮ್ಮ ಕಡೆ ಬೆಟ್ಟದ ಗಾಳಿ ಒಳಗೆ ನುಗ್ಗಿದರೆ ನಿಂತ ಫ್ಯಾನೂ ತಿರುಗುತ್ತದೆ, ಕೊನೆಯ ಅರ್ಧ ಸುತ್ತು ನಂಬುವಂತಿಲ್ಲ. ಎರಡನೆಯದು, ಬೇಗ ನಿಲ್ಲಲಿ ಎಂದು ಕೋಲನ್ನೋ ಪೊರಕೆಯನ್ನೋ ಅಡ್ಡ ಹಿಡಿಯಬೇಡಿ. ಕೊಠಡಿಯ ಫ್ಯಾನಿನ ರೆಕ್ಕೆಯ ತುದಿ ನಡುವಿನಿಂದ 60 ಸೆಂಟಿಮೀಟರ್ ದೂರದಲ್ಲಿದೆ. ಸೆಕೆಂಡಿಗೆ 5 ಸುತ್ತು ಎಂದರೆ 31.4 ರೇಡಿಯನ್. ಅದನ್ನು 0.6 ಮೀಟರಿನಿಂದ ಗುಣಿಸಿದರೆ ತುದಿಯ ವೇಗ ಸೆಕೆಂಡಿಗೆ 18.8 ಮೀಟರ್, ಗಂಟೆಗೆ ಸುಮಾರು 68 ಕಿಲೋಮೀಟರ್. ಊಟಿ ರಸ್ತೆಯಲ್ಲಿ ಓಡುವ ಬಸ್ಸಿನ ವೇಗ ಅದು. ಓಡುವ ಬಸ್ಸಿಗೆ ಪೊರಕೆ ಅಡ್ಡ ಹಿಡಿಯುವವರುಂಟೇ? ರೆಕ್ಕೆ ಬಾಗಿದರೆ ಫ್ಯಾನು ಅಲ್ಲಾಡಲು ಶುರುಮಾಡುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ. ಒಂದು ಮನೆಯ ಫ್ಯಾನು ಕಟ್ಟಕಡೆಯ 10 ಸೆಕೆಂಡಿನಲ್ಲಿ 2 ಸುತ್ತು ಬಂದು ನಿಂತಿತು. ಅದರ α ಎಷ್ಟು? ಸ್ಥಿರವಾಗಿದ್ದರೆ ಕೊನೆಯ 20 ಸೆಕೆಂಡಿನಲ್ಲಿ ಒಟ್ಟು ಎಷ್ಟು ಸುತ್ತು ಬರಬೇಕು? ಎಣಿಸಿದಾಗ 9 ಬಂದರೆ ಆ ಹೆಚ್ಚಿನ ಸುತ್ತು ಏನನ್ನು ಹೇಳುತ್ತದೆ? ಉತ್ತರವನ್ನು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಸಿಕ್ಕಿಸಿ. ನಿಮ್ಮ ಮನೆಯ ಫ್ಯಾನಿನ ಕೊನೆಯ 10 ಸೆಕೆಂಡಿನ ಸುತ್ತನ್ನೂ ಜೊತೆಗೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಊರಿನ ಫ್ಯಾನುಗಳ ಪಟ್ಟಿ ಹಾಕೋಣ.